ಪಕ್ಕದ ಫ್ಲಾಟಿನ ಶಿಫಾರಸಿಗೆ ಎಷ್ಟು ಕೊಡಬಹುದು?

‘ಸ್ನೇಹಿತರನ್ನು ಕರೆತನ್ನಿ, ಇಬ್ಬರೂ 200 ರೂಪಾಯಿ ಪಡೆಯಿರಿ.’ ಮನೆ ಕ್ಲೀನಿಂಗ್ ಸೇವೆ ಶುರುಮಾಡುವ ಬಹುತೇಕರಿಗೆ ಮೊದಲು ಹೊಳೆಯುವ ಯೋಜನೆ ಇದು. ಬ್ಯಾಂಕುಗಳು, ಆ್ಯಪ್‌ಗಳು ಕೊಡುತ್ತವೆ, ನಾವೂ ಕೊಡೋಣ ಎಂಬ ಲೆಕ್ಕ. ಆದರೆ ಬ್ಯಾಂಕಿನ ಲೆಕ್ಕವೇ ಬೇರೆ. ಜರ್ಮನಿಯ ಬ್ಯಾಂಕೊಂದು ಹೊಸ ಗ್ರಾಹಕರನ್ನು ಕರೆತಂದವರಿಗೆ 25 ಯೂರೊ ಕೊಡುತ್ತಿತ್ತು. ಅದರ ಸುಮಾರು 10,000 ಗ್ರಾಹಕರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರಿಚಿತರ ಮಾತು ಕೇಳಿ ಬಂದವರು ಉಳಿದವರಿಗಿಂತ ಕನಿಷ್ಠ ಶೇ 16ರಷ್ಟು ಹೆಚ್ಚು ಲಾಭ ತಂದಿದ್ದರು. ಬ್ಯಾಂಕ್ ಖಾತೆ ತೆರೆದವರು ವರ್ಷಗಟ್ಟಲೆ ಉಳಿಯುತ್ತಾರೆ. ಬಾತ್‌ರೂಮ್ ತೊಳೆಸಿಕೊಂಡವರು ಮುಂದಿನ ತಿಂಗಳು ಕರೆಯದೆಯೂ ಇರಬಹುದು.

ಬೆಂಗಳೂರಿನ ಒಂದು ಸಣ್ಣ ಸೇವೆಯನ್ನು ಊಹಿಸಿಕೊಳ್ಳೋಣ. ತಿಂಗಳಿಗೊಮ್ಮೆ ಎರಡು ಬಾತ್‌ರೂಮ್, ಅಡುಗೆಮನೆ ಉಜ್ಜಿ ತೊಳೆಯಲು 500 ರೂಪಾಯಿ. ಅದರಲ್ಲಿ ಕೆಲಸದವರಿಗೆ 280, ಆ್ಯಸಿಡ್ ಮತ್ತು ಲಿಕ್ವಿಡ್‌ಗೆ 40, ಓಡಾಟಕ್ಕೆ 50, ಫೋನು, ಪಾವತಿ ಶುಲ್ಕ, ದೂರು ಬಂದಾಗ ಮತ್ತೆ ಹೋಗುವ ಖರ್ಚು ಎಂದು 30. ಕೈಯಲ್ಲಿ ಉಳಿಯುವುದು 100 ರೂಪಾಯಿ.

ಈಗ ಇಬ್ಬರಿಗೂ 200ರಂತೆ ಕೊಟ್ಟರೆ? ಹತ್ತು ಹೊಸ ಮನೆಗಳು ಬಂದವು ಎನ್ನಿ. ಬಹುಮಾನಕ್ಕೆ 4,000 ರೂಪಾಯಿ ಹೋಯಿತು, ಮೊದಲ ಭೇಟಿಯಿಂದ ಬಂದದ್ದು 1,000. ಹತ್ತರಲ್ಲಿ ಆರು ಮನೆಯವರು ಮತ್ತೆ ಕರೆಯಲೇ ಇಲ್ಲ. ಉಳಿದ ನಾಲ್ಕು ಮನೆಗಳಿಂದ ತಿಂಗಳಿಗೆ 400. ಕೈಬಿಟ್ಟ 3,000 ರೂಪಾಯಿ ವಾಪಸ್ ಬರಲು ಎಂಟು ತಿಂಗಳು ಬೇಕು, ಅದೂ ನಾಲ್ವರಲ್ಲಿ ಒಬ್ಬರೂ ಬಿಟ್ಟುಹೋಗದಿದ್ದರೆ.

ಮೊದಲ ಭೇಟಿಯನ್ನು ಅಗ್ಗ ಮಾಡಿ ಗ್ರಾಹಕರನ್ನು ಸೆಳೆಯುವ ಹಾದಿಯನ್ನು ಅಮೆರಿಕದ ಹೋಮ್‌ಜಾಯ್ ಹಿಡಿದಿತ್ತು. 19 ಡಾಲರಿಗೆ ಮನೆ ಶುಚಿಮಾಡಿಸಿಕೊಂಡವರಲ್ಲಿ ಪೂರ್ತಿ ದರ ಕೊಟ್ಟು ಮತ್ತೆ ಕರೆದವರು ಕಡಿಮೆ. ಕೆಲಸ ಮೆಚ್ಚಿದ ಕೆಲವರು ಕಂಪನಿಯನ್ನು ಬಿಟ್ಟು ಕೆಲಸದವರ ಜೊತೆ ನೇರವಾಗಿಯೇ ಮಾತಾಡಿಕೊಂಡರು. 2015ರ ಜುಲೈನಲ್ಲಿ ಅದು ಬಾಗಿಲು ಮುಚ್ಚಿತು. ಕೆಲಸಗಾರರನ್ನು ನೌಕರರೆಂದು ಪರಿಗಣಿಸಬೇಕೆಂಬ ಮೊಕದ್ದಮೆಗಳೂ ಅದರ ಮೇಲಿದ್ದವು. ಹಾಗಾಗಿ ರಿಯಾಯಿತಿಯೊಂದನ್ನೇ ದೂರುವಂತಿಲ್ಲ.

ಹಾಗಾದರೆ 100 ರೂಪಾಯಿಯೊಳಗೆ ಏನು ಮಾಡಬಹುದು? ಬಹುಮಾನವನ್ನು ತಡವಾಗಿ ಕೊಡಬೇಕು, ನಗದಿನ ಬದಲು ಕೆಲಸದ ರೂಪದಲ್ಲಿ ಕೊಡಬೇಕು. ಹೊಸಬರಿಗೆ ಮೊದಲ ಭೇಟಿಯಲ್ಲಿ 50 ರೂಪಾಯಿ ಕಡಿತ. ಕರೆತಂದವರಿಗೆ, ಹೊಸಬರ ಮೂರನೇ ಭೇಟಿ ಮುಗಿದ ಮೇಲೆ, ಮನೆಯ ಫ್ಯಾನುಗಳನ್ನೆಲ್ಲ ಒರೆಸಿಕೊಡುವುದು. ಏಣಿ ಹತ್ತಬೇಕಾದ ಈ ಕೆಲಸವನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ, ಆದ್ದರಿಂದ ಪಡೆದವರಿಗೆ ಅದು ದೊಡ್ಡದಾಗಿ ಕಾಣುತ್ತದೆ. ಸಂಸ್ಥೆಗೆ ತಗಲುವುದು ಇಪ್ಪತ್ತು ನಿಮಿಷದ ಹೆಚ್ಚುವರಿ ಕೂಲಿ, ಸುಮಾರು 60 ರೂಪಾಯಿ. ಅದೇ ಹತ್ತು ಮನೆ, ಅದೇ ನಾಲ್ಕು ಉಳಿದವರು ಎಂದಿಟ್ಟುಕೊಂಡರೆ, ಮೂರನೇ ಭೇಟಿಯ ಹೊತ್ತಿಗೆ ಸಂಸ್ಥೆಯ ಬಳಿ 1,060 ರೂಪಾಯಿ ಉಳಿದಿರುತ್ತದೆ. 200ರ ಯೋಜನೆಯಲ್ಲಿ ಆ ಹೊತ್ತಿಗೆ 2,200 ರೂಪಾಯಿ ನಷ್ಟ. ಬಹುಮಾನ ಸಣ್ಣದಾದ್ದರಿಂದ ಐದೇ ಮನೆ ಬಂದರೂ ಲೆಕ್ಕ ಲಾಭದಲ್ಲೇ ಇರುತ್ತದೆ.

ಇನ್ನೊಂದು ಉಳಿತಾಯ ಓಡಾಟದಲ್ಲಿದೆ. ಹೊಸ ಗಿರಾಕಿ ಅದೇ ಅಪಾರ್ಟ್‌ಮೆಂಟಿನವರಾಗಿ, ಅದೇ ಬೆಳಿಗ್ಗೆ ಕೆಲಸ ಹಿಡಿಸಿದರೆ, 50 ರೂಪಾಯಿಯ ಪ್ರಯಾಣ ಎರಡು ಮನೆಗೆ ಹಂಚಿಹೋಗುತ್ತದೆ. ಯಲಹಂಕದವರು ಜಯನಗರದ ಗೆಳತಿಗೆ ಹೇಳುವುದಕ್ಕಿಂತ ಎದುರು ಫ್ಲಾಟಿನವರಿಗೆ ಹೇಳುವುದೇ ಸಂಸ್ಥೆಗೆ ಲಾಭ. ಹೀಗಾಗಿ ಕೂಪನ್ ಕೋಡಿಗಿಂತ ‘ನಿಮ್ಮ ಬ್ಲಾಕಿಗೆ ಶನಿವಾರ ಬರುತ್ತಿದ್ದೇವೆ, ಇನ್ನೊಂದು ಮನೆಗೆ ಸಮಯವಿದೆ’ ಎಂಬ ವಾಟ್ಸಾಪ್ ಸಂದೇಶ ಚೆನ್ನಾಗಿ ಒಗ್ಗುತ್ತದೆ. ಅದನ್ನು ಗ್ರೂಪಿಗೆ ಹಾಕಲು ಮುಜುಗರವೂ ಇಲ್ಲ, ನೆರೆಯವರಿಂದ ಕಮಿಷನ್ ಹೊಡೆದಂತೆ ಕಾಣುವುದಿಲ್ಲ. ಕಳಿಸಬೇಕಾದ ಹೊತ್ತು ಕೆಲಸ ಮುಗಿದ ಆ ಸಂಜೆ.

ಮೋಸವೂ ಬರುತ್ತದೆ. ಗಂಡನ ನಂಬರಿನಿಂದ ಹೆಂಡತಿಯನ್ನು ‘ಹೊಸ ಗಿರಾಕಿ’ ಎಂದು ಸೇರಿಸುವುದು ಸಾಮಾನ್ಯ. ಫೋನ್ ನಂಬರಿನ ಬದಲು ಫ್ಲಾಟ್ ನಂಬರನ್ನು ನೋಡಿದರೆ ಸಾಕು. ಕಷ್ಟದ್ದು, ಕೆಲಸದಾಕೆಯನ್ನೇ ನೇರವಾಗಿ ಕರೆಸಿಕೊಳ್ಳುವ ಒಳಒಪ್ಪಂದ. ಎರಡು ಮೂರು ಸಲ ಒಬ್ಬರೇ ಹೋದ ಮನೆಯ ಬುಕಿಂಗ್ ತಟ್ಟನೆ ನಿಂತರೆ ಅದು ಸುಳಿವು. ಹೊಸ ಮನೆ ಹಿಡಿದುಕೊಟ್ಟ ಕೆಲಸದಾಕೆಗೂ ಒಂದು ಪಾಲು ಕೊಡುವುದು ಕಾವಲಿಗಿಂತ ಅಗ್ಗ, ಆದರೂ ಈ ಸೋರಿಕೆ ಪೂರ್ತಿ ನಿಲ್ಲುವುದಿಲ್ಲ.

ಯೋಜನೆಯಿಂದ ನಿಜಕ್ಕೂ ಎಷ್ಟು ಜನ ಬಂದರು ಎಂಬುದನ್ನು ಕೂಪನ್ ಎಣಿಸಿ ತಿಳಿಯಲಾಗದು. ಕೂಪನ್ ಇಲ್ಲದಿದ್ದರೂ ಬರುತ್ತಿದ್ದವರು ಅದರಲ್ಲಿ ಸೇರಿರುತ್ತಾರೆ. ಹೆಚ್ಚುಕಡಿಮೆ ಒಂದೇ ಅಳತೆಯ ಅಪಾರ್ಟ್‌ಮೆಂಟುಗಳಲ್ಲಿ ಅರ್ಧಕ್ಕೆ ಯೋಜನೆ ಹೇಳಿ, ಅರ್ಧಕ್ಕೆ ಹೇಳದೆ ಮೂರು ತಿಂಗಳು ನೋಡಬೇಕು. ಹೇಳಿದ ಕಡೆ 12, ಹೇಳದ ಕಡೆ 9 ಹೊಸ ಮನೆ ಬಂದರೆ, ಯೋಜನೆ ತಂದದ್ದು ಮೂರನ್ನು ಮಾತ್ರ. ಆ ಹನ್ನೆರಡು ಮನೆಗೂ ಕೊಟ್ಟ 50 ರೂಪಾಯಿ ಕಡಿತ, ಒಟ್ಟು 600, ಈ ಮೂರು ಮನೆಯ ಮೇಲೆ ಬೀಳುತ್ತದೆ: ಒಂದೊಂದಕ್ಕೆ 200 ರೂಪಾಯಿ, ಎಂದರೆ ಎರಡು ಭೇಟಿಯ ಉಳಿಕೆ.