ಕಿವಿಗಾಗಿ ಬರೆಯುವ ಪರಿಚಯ

ಪಾಡ್‌ಕಾಸ್ಟ್‌ನ ಆರಂಭದ ಸಂಗೀತ ತಗ್ಗಿದ ಮೇಲೆ, ಅಥವಾ ವೆಬಿನಾರ್‌ನಲ್ಲಿ ಸ್ವಾಗತದ ಮಾತು ಮುಗಿದ ಮೇಲೆ, ನಿರೂಪಕರು ಅತಿಥಿಯ ಪರಿಚಯ ಓದುತ್ತಾರೆ. ಸಾಮಾನ್ಯವಾಗಿ ಆ ಬರಹ ಬರುವುದು ಅತಿಥಿಯಿಂದಲೇ. ಹೆಚ್ಚಿನವರು ಕಳಿಸುವುದು ಪುಸ್ತಕದ ಬೆನ್ನುಪುಟದ ಪರಿಚಯವನ್ನೋ ಕೆಲಸದ ಬಯೋಡೇಟಾವನ್ನೋ. ಎರಡೂ ಕಣ್ಣಿಗಾಗಿ ಬರೆದವು. ಓದುವವರಿಗೆ ಅರ್ಥವಾಗದಿದ್ದರೆ ಕಣ್ಣು ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡುತ್ತದೆ. ಬಸ್ಸಿನಲ್ಲಿ ನಿಂತು ಕೇಳುತ್ತಿರುವವರಿಗೆ ಆ ಅವಕಾಶವಿಲ್ಲ, ಒಂದು ವಾಕ್ಯ ತಪ್ಪಿದರೆ ತಪ್ಪಿದಂತೆಯೇ.

ಕನ್ನಡದಲ್ಲಿ ಈ ತೊಂದರೆಗೆ ಒಂದು ವಿಶೇಷ ಕಾರಣವಿದೆ. ನಮ್ಮ ವಾಕ್ಯದಲ್ಲಿ ವಿಶೇಷಣಗಳೆಲ್ಲ ಮುಂದೆ, ಹೆಸರು ಹಿಂದೆ. ವೇದಿಕೆಯ ಸನ್ಮಾನಗಳಲ್ಲಿ ಓದುವ ಬಿನ್ನವತ್ತಳೆ ಈ ಗುಣವನ್ನು ಕೊನೆಯವರೆಗೂ ಎಳೆದು ಬಳಸಿಕೊಂಡಿದೆ. ಲೇಖಕಿ ಬಾನು ಮುಷ್ತಾಕ್ ಅವರನ್ನು ಆ ರೀತಿಯಲ್ಲಿ ಪರಿಚಯಿಸಿದರೆ ಹೇಗಿರುತ್ತದೆ ನೋಡಿ:

“1948ರಲ್ಲಿ ಹಾಸನದಲ್ಲಿ ಜನಿಸಿ, ಲಂಕೇಶ್ ಪತ್ರಿಕೆಯಲ್ಲಿ ವರದಿಗಾರರಾಗಿ ದುಡಿದು, ವಕೀಲರಾಗಿ ಹೆಸರು ಮಾಡಿ, ಆರು ಕಥಾಸಂಕಲನ, ಒಂದು ಕಾದಂಬರಿ ಹಾಗೂ ಪ್ರಬಂಧ, ಕವನ ಸಂಕಲನಗಳನ್ನು ರಚಿಸಿ, ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಹಾಗೂ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗಳಿಗೆ ಭಾಜನರಾಗಿರುವ ಬಾನು ಮುಷ್ತಾಕ್ ಅವರು ನಮ್ಮೊಂದಿಗಿದ್ದಾರೆ.”

ಇದರಲ್ಲಿ ಸುಳ್ಳೇನೂ ಇಲ್ಲ, ವ್ಯಾಕರಣವೂ ಸರಿಯಾಗಿದೆ. ಆದರೆ ಹೆಸರು ಕಿವಿಗೆ ಬೀಳುವ ಮೊದಲು 31 ಪದ ಸರಿದುಹೋಗಿವೆ. ಯಾರ ಬಗ್ಗೆ ಎಂದು ಗೊತ್ತಿಲ್ಲದೆಯೇ ಕೇಳುಗರು ಅಷ್ಟನ್ನೂ ನೆನಪಿನಲ್ಲಿ ಹಿಡಿದುಕೊಂಡಿರಬೇಕು. ಸಭಾಂಗಣದಲ್ಲಿ ಇದಕ್ಕೊಂದು ಅರ್ಥವಿತ್ತು. ಹೆಸರು ಕೊನೆಗೆ ಬಂದರೆ ಚಪ್ಪಾಳೆ ಅದರ ಮೇಲೆ ಬೀಳುತ್ತದೆ. ಪಾಡ್‌ಕಾಸ್ಟ್‌ನಲ್ಲಿ ಚಪ್ಪಾಳೆಯೂ ಇಲ್ಲ, ಗುಟ್ಟೂ ಇಲ್ಲ. ಅತಿಥಿಯ ಹೆಸರು, ಫೋಟೊ ಎರಡನ್ನೂ ನೋಡಿಯೇ ಜನ ಎಪಿಸೋಡನ್ನು ಒತ್ತಿರುತ್ತಾರೆ. ಹಾಗಾಗಿ ಹೆಸರನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಬೇಕು. ಆಮೇಲೆ ಬರುವ ಪ್ರತಿ ಸಂಗತಿಗೂ ಕೂರಲು ಒಂದು ಜಾಗ ಸಿಗುತ್ತದೆ.

ಹೆಣ್ಣುಮಕ್ಕಳು, ಕೋರ್ಟು, ಕಥೆ ಎಂಬ ವಿಷಯದ ಮೇಲೆ ಅವರೊಂದಿಗೆ ಮಾತುಕತೆ ಇದೆ ಎಂದುಕೊಳ್ಳೋಣ. ನಾನಾದರೆ ಹೀಗೆ ಬರೆದುಕೊಡುತ್ತೇನೆ:

“ಇವತ್ತು ನಮ್ಮ ಜೊತೆ ಇರುವವರು ಬಾನು ಮುಷ್ತಾಕ್. ಊರು ಹಾಸನ, ವೃತ್ತಿಯಲ್ಲಿ ವಕೀಲರು. ಹಿಂದೆ ಲಂಕೇಶ್ ಪತ್ರಿಕೆಯ ವರದಿಗಾರರಾಗಿದ್ದರು. ನಮ್ಮ ಸೀಮೆಯ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ದಶಕಗಳಿಂದ ಕನ್ನಡದಲ್ಲಿ ಕಥೆಯಾಗಿಸಿದ್ದಾರೆ. ಅವುಗಳಲ್ಲಿ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಪುಸ್ತಕ, ಹಾರ್ಟ್ ಲ್ಯಾಂಪ್, ಎರಡು ಸಾವಿರದ ಇಪ್ಪತ್ತೈದರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕೋರ್ಟಿನ ಮೆಟ್ಟಿಲು ಹತ್ತಿ ಬಂದ ಹೆಣ್ಣುಮಕ್ಕಳ ಮಾತು ಕಥೆಗಾರ್ತಿಯ ಕಿವಿಗೆ ಹೇಗೆ ಕೇಳುತ್ತದೆ ಎಂಬುದು ಇವತ್ತಿನ ಮಾತುಕತೆ.”

ಸುಮಾರು 55 ಪದ. ನಮ್ಮ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುವುದರಿಂದ, ಸಮಾಧಾನವಾಗಿ ಓದುವವರು ನಿಮಿಷಕ್ಕೆ ನೂರು ಪದದ ಆಸುಪಾಸಿನಲ್ಲಿರುತ್ತಾರೆ. ಆ ಲೆಕ್ಕದಲ್ಲಿ ಇದು ಅರ್ಧ ನಿಮಿಷದ ಓದು. ಒಂದು ನಿಮಿಷ ದಾಟಿದ ಪರಿಚಯವನ್ನು ಮೊಬೈಲಿನಲ್ಲಿ ಕೇಳುವವರು ಮುಂದಕ್ಕೆ ತಳ್ಳಿಬಿಡುತ್ತಾರೆ.

ಈ ಪರಿಚಯದಲ್ಲಿ ಹುಟ್ಟಿದ ವರ್ಷವಿಲ್ಲ, ಸಂಕಲನಗಳ ಎಣಿಕೆಯಿಲ್ಲ, ಎರಡು ದೊಡ್ಡ ಪ್ರಶಸ್ತಿಗಳ ಹೆಸರೂ ಇಲ್ಲ. ಅವುಗಳಿಗೆ ಬೆಲೆ ಇಲ್ಲವೆಂದು ಬಿಟ್ಟದ್ದಲ್ಲ. ‘ಈ ವಿಷಯಕ್ಕೆ ಇವರನ್ನೇ ಏಕೆ ಕರೆದಿರಿ?’ ಎಂಬ ಕೇಳುಗರ ಪ್ರಶ್ನೆಗೆ ಉತ್ತರವಾಗುವ ಸಂಗತಿಗಳನ್ನಷ್ಟೇ ಉಳಿಸಿಕೊಂಡಿದ್ದೇನೆ. ವಕೀಲಿಕೆ ಬಂದದ್ದು ಅದಕ್ಕೇ. ವಿಷಯ ಅನುವಾದದ ಕಡೆಗೆ ತಿರುಗಿದರೆ ಇದೇ ಪರಿಚಯ ಮಾರ್ಪಡಬೇಕು. ಆಗ ಕೋರ್ಟಿನ ಮಾತು ಹಿಂದೆ ಸರಿದು, ಆ ಪ್ರಶಸ್ತಿಯ ಹಣ ಲೇಖಕರಿಗೂ ಅನುವಾದಕರಿಗೂ ಸರಿಸಮ ಹಂಚಿಕೆಯಾಗುತ್ತದೆ ಎಂಬ ಸಂಗತಿ ಮುಂದೆ ಬರುತ್ತದೆ. ಹೋದಲ್ಲೆಲ್ಲ ಒಂದೇ ಪರಿಚಯ ಕಳಿಸುವ ಅತಿಥಿಗಳಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಕೊನೆಯ ಎರಡು ವಾಕ್ಯವನ್ನಾದರೂ ಪ್ರತಿಸಲ ಹೊಸದಾಗಿ ಬರೆಯಿರಿ.

ಅತಿಥಿ ಬರೆದು ಕಳಿಸದಿದ್ದಾಗ ನಿರೂಪಕರು ಅಲ್ಲಿ ಇಲ್ಲಿ ಹುಡುಕಿ ಪರಿಚಯ ಕಟ್ಟುತ್ತಾರೆ. ತಪ್ಪುಗಳು ಹೆಚ್ಚಾಗಿ ನುಸುಳುವುದು ಆಗಲೇ, ಅದರಲ್ಲೂ ‘ಮೊದಲ’ ಎಂಬ ಪದದ ಬಳಿ. ‘ಅಂತಾರಾಷ್ಟ್ರೀಯ ಬೂಕರ್ ಪಡೆದ ಮೊದಲ ಭಾರತೀಯ ಪುಸ್ತಕ’ ಎಂದರೆ ತಪ್ಪು. 2022ರಲ್ಲೇ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಯ ಅನುವಾದಕ್ಕೆ ಅದು ಸಂದಿತ್ತು. ‘ಕನ್ನಡದ ಮೊದಲ ಪುಸ್ತಕ’ ಎಂದರೆ ಸರಿ. ‘ಅಂತಾರಾಷ್ಟ್ರೀಯ’ ಎಂಬ ಪದವನ್ನು ಬಿಟ್ಟು ಬರೀ ‘ಬೂಕರ್’ ಎಂದರೂ ತಪ್ಪೇ. ಅದು ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗಳಿಗೆ ಕೊಡುವ ಬೇರೆ ಪ್ರಶಸ್ತಿ. ಇಂಥ ತಪ್ಪು ಕಿವಿಗೆ ಬಿದ್ದಾಗ ಅತಿಥಿ ಸಂಕೋಚದಿಂದ ಸುಮ್ಮನಾಗುತ್ತಾರೆ, ಇಲ್ಲವೇ ತಮ್ಮ ಮೊದಲ ಮಾತನ್ನೇ ತಿದ್ದುಪಡಿಗೆ ಖರ್ಚು ಮಾಡುತ್ತಾರೆ. ಎರಡರಲ್ಲೂ ಮಾತುಕತೆಯ ಆರಂಭ ಕಳೆಗುಂದುತ್ತದೆ. ಓದುವ ಮೊದಲು ಪರಿಚಯವನ್ನು ಅತಿಥಿಗೆ ಒಮ್ಮೆ ಕಳಿಸಿ ಒಪ್ಪಿಗೆ ಪಡೆದರೆ ಇದು ತಪ್ಪುತ್ತದೆ. ಬಿಟ್ಟ ಹುದ್ದೆ, ಬದಲಾದ ಸಂಸ್ಥೆ ಸಿಕ್ಕಿಬೀಳುವುದೂ ಆಗಲೇ.

ಹೆಸರಿನ ಉಚ್ಚಾರಣೆಯನ್ನು ಮಾತ್ರ ಬರಹದಲ್ಲಿ ಒಪ್ಪಿಸಿಕೊಂಡರೆ ಸಾಲದು, ಕೇಳಿಯೇ ತಿಳಿಯಬೇಕು. ‘ಬಾನು’ ಎಂಬ ಹೆಸರನ್ನು ಎಷ್ಟೋ ಜನ ‘ಭಾನು’ ಮಾಡಿಬಿಡುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬಂದ ಹೆಸರಾದರೆ ‘ತ’ವೋ ‘ಟ’ವೋ, ದೀರ್ಘವೋ ಹ್ರಸ್ವವೋ ತಿಳಿಯುವುದೇ ಇಲ್ಲ. ರೆಕಾರ್ಡಿಂಗ್ ಒತ್ತುವ ಮುನ್ನ ‘ನಿಮ್ಮ ಹೆಸರನ್ನು ಒಮ್ಮೆ ನೀವೇ ಹೇಳಿ’ ಎಂದು ಕೇಳುವುದರಲ್ಲಿ ಯಾವ ಅಗೌರವವೂ ಇಲ್ಲ. ಓದುವ ಹಾಳೆಯಲ್ಲಿ ಹೆಸರನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಬೇಕು. ಇಸವಿಯನ್ನೂ ಅಕ್ಷರದಲ್ಲೇ ಬರೆಯುವುದು ಒಳ್ಳೆಯದು. ‘2025’ ಎಂಬ ಅಂಕಿ ಕಂಡಾಗ ನಾಲಿಗೆ ಅರ್ಧ ಇಂಗ್ಲಿಷಿಗೆ ಹೊರಳಿ, ವಾಕ್ಯದ ಮಧ್ಯೆ ತಡವರಿಕೆ ಬರುತ್ತದೆ. ಬರೆದದ್ದನ್ನು ಪರೀಕ್ಷಿಸಲು ಗಟ್ಟಿಯಾಗಿ ಓದುವುದೊಂದೇ ದಾರಿ. ಎಲ್ಲಿ ಉಸಿರು ಸಾಲದೆ ನಿಲ್ಲಬೇಕಾಯಿತೋ ಅಲ್ಲಿ ವಾಕ್ಯವನ್ನು ಎರಡಾಗಿ ಒಡೆಯಿರಿ.

ಪಾಡ್‌ಕಾಸ್ಟ್‌ಗೂ ವೆಬಿನಾರ್‌ಗೂ ಇಲ್ಲಿ ವ್ಯತ್ಯಾಸವಿದೆ. ಪಾಡ್‌ಕಾಸ್ಟನ್ನು ಎರಡು ವರ್ಷದ ನಂತರವೂ ಯಾರಾದರೂ ಕೇಳಬಹುದು. ಹಾಗಾಗಿ ‘ಕಳೆದ ವರ್ಷ’, ‘ಇತ್ತೀಚೆಗೆ’ ಎಂಬ ಪದಗಳು ಅಲ್ಲಿ ಬೇಗ ಹಳಸುತ್ತವೆ. ಇಸವಿ ಹೇಳಿದರೆ ಆ ತೊಂದರೆಯಿಲ್ಲ. ಇನ್ನೊಂದು ಅನುಕೂಲವೆಂದರೆ, ಮಾತುಕತೆ ಮುಗಿದ ಮೇಲೆ ಪರಿಚಯವನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಮುಂದೆ ಜೋಡಿಸಬಹುದು. ಸಂಭಾಷಣೆ ಎತ್ತ ಹರಿಯಿತೆಂದು ಆಗ ಗೊತ್ತಿರುತ್ತದೆ, ಪರಿಚಯವನ್ನು ಅದಕ್ಕೆ ಹೊಂದಿಸಬಹುದು. ವೆಬಿನಾರ್‌ನಲ್ಲಿ ಎಲ್ಲವೂ ನೇರ. ಜನ ಮೊದಲ ಐದು ಹತ್ತು ನಿಮಿಷ ಒಬ್ಬೊಬ್ಬರಾಗಿ ಬಂದು ಸೇರುತ್ತಲೇ ಇರುತ್ತಾರೆ. ಅಲ್ಲಿ ಪರಿಚಯ ಇನ್ನೂ ಚಿಕ್ಕದಾಗಿರಲಿ, ತಡವಾಗಿ ಬಂದವರಿಗಾಗಿ ಪ್ರಶ್ನೋತ್ತರಕ್ಕೆ ಮುನ್ನ ಹೆಸರು ಮತ್ತು ಕೆಲಸವನ್ನು ಒಂದೇ ವಾಕ್ಯದಲ್ಲಿ ಮತ್ತೊಮ್ಮೆ ಹೇಳಲಿ.

ಪರಿಚಯದ ಕೊನೆಯ ವಾಕ್ಯ ಮೊದಲ ಪ್ರಶ್ನೆಯ ಬಾಗಿಲಿಗೆ ತಂದು ನಿಲ್ಲಿಸಬೇಕು. ಅತಿಥಿಯ ಒಳ್ಳೆಯ ಕಥೆಯೊಂದನ್ನು ನಿರೂಪಕರು ಪರಿಚಯದಲ್ಲೇ ಹೇಳಿ ಮುಗಿಸಿದರೆ ಅವರಿಗೆ ಹೇಳಲು ಉಳಿಯುವುದು ಕಡಿಮೆ. ಅಷ್ಟೆಲ್ಲ ಓದಿದ ನಂತರವೂ ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎಂದು ಕೇಳಬೇಕಾಗಿ ಬಂದರೆ ಓದಿದ್ದು ಕೆಲಸ ಮಾಡಿಲ್ಲವೆಂದೇ ಅರ್ಥ. ಮೇಲಿನ ಪರಿಚಯ ಕೋರ್ಟಿನ ಮೆಟ್ಟಿಲಿನ ಬಳಿ ನಿಂತಿರುವುದರಿಂದ ನಿರೂಪಕರು ನೇರವಾಗಿ ಕೇಳಬಹುದು: “ಮೇಡಂ, ಕಕ್ಷಿದಾರರ ಮಾತು ಕೇಳುತ್ತ ಕೂತಾಗ ನಿಮ್ಮೊಳಗೆ ಮೊದಲು ಎಚ್ಚರಾಗುವುದು ವಕೀಲರೋ, ಕಥೆಗಾರ್ತಿಯೋ?”