ಮಂಜಿನಲ್ಲಿ ತಪ್ಪಿದ ಡಿಕ್ಕಿಯ ವರದಿ

ಡಿಕ್ಕಿಯಾದ ಹಡಗಿನ ಬಗ್ಗೆ ತನಿಖೆ ನಡೆಯುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕೂದಲೆಳೆಯಲ್ಲಿ ಪಾರಾದ ಹಡಗಿನ ಬಗ್ಗೆ ಉಳಿಯುವುದು ಒಂದೆರಡು ಪುಟದ ಕಾಗದ ಮಾತ್ರ. ನಾವಿಕರು ಅದನ್ನು ‘ನಿಯರ್ ಮಿಸ್’ ವರದಿ ಎನ್ನುತ್ತಾರೆ. ಬರೆಯಬೇಕಾದವನು ಆ ಹೊತ್ತು ಕಾವಲಿನಲ್ಲಿದ್ದ ಅಧಿಕಾರಿಯೇ.

ಇಂಥ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಜೋಡಿಸಿ ಒಂದು ಮಾದರಿ ನೋಡೋಣ. ಜಾಗ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಡೋವರ್ ಜಲಸಂಧಿ. ತೀರಾ ಕಿರಿದಾದಲ್ಲಿ ಅದರ ಅಗಲ ಸುಮಾರು 33 ಕಿಲೋಮೀಟರ್. ಉದ್ದಕ್ಕೆ ಸಾಗುವ ಸರಕು ಹಡಗುಗಳ ದಾರಿಗೆ ಅಡ್ಡಲಾಗಿ ಫೆರಿಗಳು ದಾಟುತ್ತಿರುತ್ತವೆ. ರಾತ್ರಿ 12ರಿಂದ 4ರ ಕಾವಲು ಸೆಕೆಂಡ್ ಆಫೀಸರ್‌ನದು. ಹಡಗು ನೈಋತ್ಯಕ್ಕೆ 14 ನಾಟ್ ವೇಗದಲ್ಲಿ ಹೊರಟಿದೆ. ಮಂಜು ಎಷ್ಟು ದಟ್ಟವೆಂದರೆ ಅರ್ಧ ಕಿಲೋಮೀಟರ್ ಆಚೆಗೆ ಏನೂ ಕಾಣದು.

2:36ಕ್ಕೆ ಬಲ ಮುಂಭಾಗದಲ್ಲಿ, 6 ನಾಟಿಕಲ್ ಮೈಲಿ ದೂರದಲ್ಲಿ, ರಾಡಾರ್ ಪರದೆಯ ಮೇಲೆ ಒಂದು ಚುಕ್ಕೆ. 18 ನಾಟ್ ವೇಗದ ಫೆರಿ. ದೂರ ಕಡಿಮೆಯಾಗುತ್ತಿದೆ, ಆದರೆ ಅದು ಕಾಣುವ ದಿಕ್ಕು ಹೆಚ್ಚುಕಡಿಮೆ ಬದಲಾಗುತ್ತಿಲ್ಲ. ಡಿಕ್ಕಿಯ ಅಪಾಯಕ್ಕೆ ನಾವಿಕರು ಮೊದಲು ಹುಡುಕುವ ಗುರುತೇ ಇದು. ಎರಡೂ ಇದ್ದಂತೆಯೇ ಸಾಗಿದರೆ ಮುಖಾಮುಖಿಗೆ ಉಳಿದಿರುವುದು 16 ನಿಮಿಷ.

2:40ಕ್ಕೆ ಅಧಿಕಾರಿ 5 ಡಿಗ್ರಿ ಬಲಕ್ಕೆ ತಿರುಗಿಸಿದ. 2:44ಕ್ಕೆ ಇನ್ನೊಂದು 5 ಡಿಗ್ರಿ. ಚುಕ್ಕೆ ಮಾತ್ರ ಅಲ್ಲೇ ನಿಂತಂತೆ! ರೇಡಿಯೋದಲ್ಲಿ ಕರೆದ, ಸ್ಪಷ್ಟ ಉತ್ತರವಿಲ್ಲದೆ ಎರಡು ನಿಮಿಷ ಹೋಯಿತು. 2:48ಕ್ಕೆ ಒಂದೂವರೆ ಮೈಲಿ ಉಳಿದಾಗ ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ಹೊರಳಿಸಿ ಎಂಜಿನ್ ವೇಗ ಇಳಿಸಿದ. ಫೆರಿಯ ದೀಪಗಳು ಮಂಜಿನೊಳಗೆ ಹಳದಿ ಮಸುಕಾಗಿ ಕಂಡು, ಸುಮಾರು 370 ಮೀಟರ್ ಮುಂದೆ ಹಾದು, ಕೆಲವೇ ಕ್ಷಣಗಳಲ್ಲಿ ಮಾಯವಾದವು.

ಆಮೇಲೆ ಅವನು ಮಾಡಬೇಕಾದ ಮೊದಲ ಕೆಲಸ, ಪ್ರಯಾಣ ದಾಖಲೆ ಯಂತ್ರದ ಉಳಿಸುವ ಗುಂಡಿ ಒತ್ತುವುದು. ಇಲ್ಲದಿದ್ದರೆ ಹಳೆಯ ದಾಖಲೆಯ ಮೇಲೆ ಹೊಸದು ಕೂತುಬಿಡುತ್ತದೆ. ಹಳೆಯ ಯಂತ್ರಗಳಲ್ಲಿ 12 ಗಂಟೆಯಷ್ಟೇ ಉಳಿಯಬಹುದು. ರಾಡಾರ್ ಚಿತ್ರ, ಬ್ರಿಡ್ಜ್‌ನ ಮಾತುಕತೆ ಎಲ್ಲ ಅಲ್ಲಿದೆ.

ದಾಖಲೆಯನ್ನು ಮತ್ತೆ ಓಡಿಸಿ ನೋಡಿದಾಗ ಒಗಟು ಬಿಡಿಸಿಕೊಂಡಿತು. ಇವನು ಫೆರಿಯ ಹಿಂದಿನಿಂದ ಹಾಯಲು ಬಲಕ್ಕೆ ಸರಿದಂತೆಲ್ಲ ಫೆರಿಯೂ ಇವನ ಹಿಂದಿನಿಂದ ಹಾಯಲು ಎಡಕ್ಕೆ ಸರಿಯುತ್ತಿತ್ತು. ಒಬ್ಬರ ತಿರುವನ್ನು ಇನ್ನೊಬ್ಬರ ತಿರುವು ಅಳಿಸಿಹಾಕಿತ್ತು. 1956ರ ಜುಲೈ 25ರ ರಾತ್ರಿ, ಅಮೆರಿಕದ ನಾನ್‌ಟಕೆಟ್ ಬಳಿಯ ಮಂಜಿನಲ್ಲಿ ‘ಆಂಡ್ರಿಯಾ ಡೋರಿಯಾ’ ಎಡಕ್ಕೂ ‘ಸ್ಟಾಕ್‌ಹೋಮ್’ ಬಲಕ್ಕೂ ತಿರುಗಿ ಡಿಕ್ಕಿಯಾದವು. ಎರಡೂ ಕಡೆ ರಾಡಾರ್ ಇತ್ತು. 51 ಜನ ಸತ್ತರು.

ಹಡಗುಗಳ ಡಿಕ್ಕಿ ತಡೆಯಲು 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳಲ್ಲಿ 19ನೆಯದು ಮಂಜಿಗೆಂದೇ ಇದೆ. ಒಬ್ಬರಿಗೊಬ್ಬರು ಕಾಣುವಾಗ ಬಲದಿಂದ ಬರುವವನಿಗೆ ದಾರಿ ಬಿಡಬೇಕು, ಇನ್ನೊಬ್ಬ ತನ್ನ ದಾರಿ ಹಿಡಿದೇ ಸಾಗಬೇಕು. ಒಬ್ಬರನ್ನೊಬ್ಬರು ಕಾಣದ ಮಂಜಿನಲ್ಲಿ ಈ ಹಂಚಿಕೆಯೇ ಇಲ್ಲ; ಇಬ್ಬರೂ ಸಾಕಷ್ಟು ಮೊದಲೇ ದೂರ ಸರಿಯಬೇಕು. ಎದುರಿನಿಂದಲೋ ಮುಂಭಾಗದ ಪಕ್ಕದಿಂದಲೋ ಬರುವ ಹಡಗಿಗೆ ಎಡಕ್ಕೆ ತಿರುಗುವುದನ್ನು ಆದಷ್ಟೂ ತಪ್ಪಿಸಬೇಕು. ಹಾಗಾಗಿ ಫೆರಿಯದು ತಪ್ಪು, ನಿಜ. ಆದರೆ ಅಷ್ಟಕ್ಕೇ ವರದಿ ನಿಂತರೆ ಅದನ್ನು ಓದಿದ ಇನ್ನೊಬ್ಬ ಅಧಿಕಾರಿಗೆ ಸಿಗುವುದೇನೂ ಇಲ್ಲ. 5 ಡಿಗ್ರಿ ತಿರುವು ಇನ್ನೊಂದು ಹಡಗಿನ ರಾಡಾರ್‌ನಲ್ಲಿ ನಿಮಿಷಗಟ್ಟಲೆ ಕಾಣುವುದೇ ಇಲ್ಲ. ಒಂದೇ ಸಲ 40 ಡಿಗ್ರಿ ತಿರುಗಿದ್ದರೆ ಫೆರಿಯವನು ಕಂಡುಕೊಳ್ಳುತ್ತಿದ್ದ. 14 ನಾಟ್ ವೇಗವೂ ಇಳಿದಿರಲಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ವರದಿಯ ಇನ್ನೊಂದು ಭಾಗ: ಆಯಾ ನಿಮಿಷಕ್ಕೆ ಅಧಿಕಾರಿ ಏನೆಂದುಕೊಂಡಿದ್ದ? ಬರೆಯಲು ಕಷ್ಟವಾಗುವುದೂ ಅದೇ. ‘ಕ್ಯಾಪ್ಟನ್‌ಗೆ ತಿಳಿಸಲಿಲ್ಲ’ ಎಂದು ಬರೆಯುವುದು ಸುಲಭ. ‘ಬಂದರಿನ ಕೆಲಸ ಮುಗಿಸಿ ಅವರು ಮಲಗಿ ಎರಡು ಗಂಟೆಯಾಗಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ, ಇನ್ನೈದು ಡಿಗ್ರಿಯಲ್ಲಿ ಸರಿಹೋಗುತ್ತದೆ ಅಂದುಕೊಂಡೆ’ ಎಂದು ಸಹಿ ಹಾಕಿಕೊಡಲು ಎದೆ ಗಟ್ಟಿ ಬೇಕು. ಕೆಲಸ ಹೋಗುವ ಭಯವಿದ್ದಲ್ಲಿ ಈ ಸಾಲು ಕಾಗದಕ್ಕಿಳಿಯುವುದಿಲ್ಲ. ಲಂಡನ್ನಿನ ನಾಟಿಕಲ್ ಇನ್‌ಸ್ಟಿಟ್ಯೂಟ್ ನಡೆಸುವ ‘ಮಾರ್ಸ್’ ಯೋಜನೆ ಹಡಗಿನ ಹೆಸರು, ಬರೆದವನ ಹೆಸರು ಬಿಟ್ಟೇ ವರದಿಗಳನ್ನು ಪ್ರಕಟಿಸುವುದು ಅದಕ್ಕೇ.

ಆ ಸಾಲು ಬಂದರೆ ಹಡಗಿನಲ್ಲಿ ಏನು ಬದಲಾಗುತ್ತದೆ? ನಮ್ಮ ಮಾದರಿಯಲ್ಲಿ ಕ್ಯಾಪ್ಟನ್‌ನ ಆದೇಶ ಪುಸ್ತಕದಲ್ಲಿ ಮೊದಲು ‘ಅಗತ್ಯವೆನಿಸಿದರೆ ನನ್ನನ್ನು ಎಬ್ಬಿಸಿ’ ಎಂದಿತ್ತು. ಈಗ ಅಲ್ಲಿ ‘3 ಮೈಲಿ ಆಚೆ ಕಾಣದಿದ್ದರೆ ಎಬ್ಬಿಸಿ’ ಎಂದಿದೆ, ಕೆಳಗೆ ಕ್ಯಾಪ್ಟನ್ ಸಹಿ.