ಗಾರೆ ಮೇಸ್ತ್ರಿಯ ದಿನದ ಲೆಕ್ಕ

ಬೆಂಗಳೂರಿನ ಸುತ್ತಮುತ್ತ ಪ್ಲಾಸ್ಟರಿಂಗ್‌ಗೆ ಬರುವವರ ಲೆಕ್ಕ ಜೋಡಿಯಲ್ಲಿ ನಡೆಯುತ್ತದೆ. ಕರಣೆ ಹಿಡಿಯುವ ಮೇಸ್ತ್ರಿ ಒಬ್ಬ, ಮರಳು ಜರಡಿ ಹಿಡಿದು ಸಿಮೆಂಟ್ ಕಲಸಿ ಬಾಣಲಿಯಲ್ಲಿ ತಂದುಕೊಡುವ ಹೆಲ್ಪರ್ ಒಬ್ಬ. ಈ ಜೋಡಿ ದಿನಕ್ಕೆ ಎಷ್ಟು ಗೋಡೆ ಮುಗಿಸುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ನೂರರಿಂದ ನೂರೈವತ್ತು ಚದರಡಿ ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ. ಆದರೆ ಅದು ಬಾಗಿಲು ಕಿಟಕಿ ಇಲ್ಲದ, ತೂಕಕ್ಕೆ ಸರಿಯಾಗಿ ನಿಂತ, ಕೈಗೆಟಕುವ ಎತ್ತರದ ಗೋಡೆಯ ಲೆಕ್ಕ. ಅಂಥ ಗೋಡೆ ಮನೆಯಲ್ಲಿ ಎಷ್ಟಿರುತ್ತದೆ?

10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ನಾಲ್ಕು ಗೋಡೆ ಸೇರಿ 440 ಚದರಡಿ. ಒಂದು ಬಾಗಿಲು, ನಾಲ್ಕಡಿ ಚೌಕದ ಎರಡು ಕಿಟಕಿ ಕಳೆದರೆ 387. ಮೇಲೆ ಸೀಲಿಂಗ್ 120. ಒಟ್ಟು 507 ಚದರಡಿ. ಮೇಸ್ತ್ರಿಗೆ ದಿನಕ್ಕೆ 125ರಂತೆ ಎರಡು ಜೋಡಿ ಹಚ್ಚಿದರೆ ಎರಡೇ ದಿನದಲ್ಲಿ ಮುಗಿಯಬೇಕು. ಮುಗಿಯುವುದಿಲ್ಲ.

ಮೊದಲ ಅರ್ಧ ದಿನ ಗೋಡೆಗೆ ಗಾರೆ ಹತ್ತುವುದೇ ಇಲ್ಲ. ಪಿಲ್ಲರ್ ಮತ್ತು ಬೀಮಿನ ನುಣುಪು ಕಾಂಕ್ರೀಟನ್ನು ಕಚ್ಚು ಹೊಡೆದು ಒರಟು ಮಾಡಬೇಕು, ಗೋಡೆ ಬೀಮಿಗೆ ಕೂಡುವ ಕಡೆ ಕೋಳಿ ಬಲೆ ಹೊಡೆಯಬೇಕು, ಎಲೆಕ್ಟ್ರಿಷಿಯನ್ ಕೊರೆದ ಗಾಡಿ ಮುಚ್ಚಬೇಕು, ತೂಕದ ಗುಂಡು ಬಿಟ್ಟು ದಪ್ಪದ ಗುರುತು ಇಡಬೇಕು. ಸೀಲಿಂಗ್‌ಗೆ ಒಂದು ದಿನ. ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸ. ಹಚ್ಚಿದ್ದರಲ್ಲಿ ಒಂದಿಷ್ಟು ಕೆಳಗೂ ಬೀಳುತ್ತದೆ. ಬಯಲು ಗೋಡೆ ಒಂದೂವರೆ ದಿನ, ಇಲ್ಲಿ ಮಾತ್ರ ಹೇಳಿದ ಲೆಕ್ಕ ಹೇಳಿದಂತೆಯೇ ನಡೆಯುತ್ತದೆ. ಕೊನೆಗೆ ಉಳಿಯುವುದು ಬಾಗಿಲು ಕಿಟಕಿಗಳ ಅಂಚು. ಎರಡು ಕಿಟಕಿಗೆ 32 ಅಡಿ, ಬಾಗಿಲಿಗೆ 17 ಅಡಿ, ಒಟ್ಟು 49 ಅಡಿ ಉದ್ದ. ಆರಿಂಚು ಗೋಡೆಯಾದರೆ ವಿಸ್ತೀರ್ಣ ಇಪ್ಪತ್ತೈದು ಚದರಡಿಯೂ ಇಲ್ಲ. ಆದರೂ ಪ್ರತಿ ಅಂಚಿಗೂ ಹಲಗೆ ಕಟ್ಟಿ, ರಸಮಟ್ಟ ಹಿಡಿದು, ಮೂಲೆ ಚೂಪಾಗಿ ತೆಗೆಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ದಿನ ಹೋಗಿರುತ್ತದೆ. ಅಲ್ಲಿಗೆ ನಾಲ್ಕು ದಿನ. ಇಬ್ಬರು ಮೇಸ್ತ್ರಿಗಳ ಎಂಟು ದಿನಗೂಲಿಗೆ 507 ಚದರಡಿ ಎಂದರೆ ಒಬ್ಬನಿಗೆ ದಿನಕ್ಕೆ 63. ಕೇಳಿದ ಅಂಕಿಯ ಅರ್ಧ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ.

ಹಾಗಾದರೆ ಇನ್ನೆರಡು ಜೋಡಿ ಕರೆಸಿದರಾಯಿತಲ್ಲ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಕೋಣೆಯ ನಡುವೆ ಒಂದು ಸಾರುವೆ, ಒಂದು ಕಲಸುವ ಜಾಗ. ನಾಲ್ಕು ಮೇಸ್ತ್ರಿಗಳು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಗಾರೆಯದೇ. ಹಚ್ಚಿದ ಗಾರೆ ಸ್ವಲ್ಪ ನೀರು ಎಳೆದು ಬಿಗಿಯಾದ ಮೇಲೆಯೇ ಉದ್ದ ಪಟ್ಟಿಯಿಂದ ಎಳೆದು ಮಟ್ಟ ಮಾಡಿ ಉಜ್ಜಲು ಬರುವುದು. ಅದಕ್ಕೇ ಅನುಭವಿ ಮೇಸ್ತ್ರಿ ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಉಜ್ಜುವಂತೆ ದಿನವನ್ನು ಹಂಚಿಕೊಳ್ಳುತ್ತಾನೆ. ನಾಲ್ಕು ಗಂಟೆಗೆ ಹೊಸ ಗೋಡೆ ಹಿಡಿಸಿದರೆ ಕತ್ತಲಲ್ಲಿ ಉಜ್ಜಿದ ಗೋಡೆ ಸಿಗುತ್ತದೆ. ಪೇಂಟಿಂಗ್ ಮುಗಿದು ಪಕ್ಕದಿಂದ ದೀಪದ ಬೆಳಕು ಬಿದ್ದ ದಿನ ಅದರ ಅಲೆಗಳು ಎದ್ದು ಕಾಣುತ್ತವೆ.

ಗೋಡೆ ಕಟ್ಟಿದವನ ತಪ್ಪೂ ಈ ಲೆಕ್ಕಕ್ಕೇ ಬಂದು ಸೇರುತ್ತದೆ. 12 ಮಿಲಿಮೀಟರ್ ಸಾಕಾಗಬೇಕಿದ್ದಲ್ಲಿ ಗೋಡೆ ವಾಲಿ 25 ಬೇಕಾಯಿತೆಂದರೆ ಒಂದೇ ಸಲಕ್ಕೆ ಹಚ್ಚುವಂತಿಲ್ಲ, ಭಾರಕ್ಕೆ ಜಾರುತ್ತದೆ. ಮೊದಲ ಪದರ ಹಾಕಿ, ಗೀರು ಎಳೆದು, ಮರುದಿನ ಎರಡನೆಯದು. ಹೀಗಾಗಿ ಪ್ಲಾಸ್ಟರಿಂಗ್ ಎಷ್ಟು ದಿನ ಎಂದು ಬರೆಯುವ ಮುನ್ನ ಪ್ರತಿ ಗೋಡೆಗೂ ಗುಂಡು ಬಿಟ್ಟು ನೋಡುವುದು ಒಳ್ಳೆಯದು.

ಇಂಥ ಪ್ರಮಾಣಗಳನ್ನು ಸರಕಾರಿ ಮಟ್ಟದಲ್ಲೂ ಬರೆದಿಟ್ಟಿದ್ದಾರೆ. 1974ರ ಐಎಸ್ 7272ರ ಮೊದಲ ಭಾಗ ಯಾವ ಕೆಲಸಕ್ಕೆ ಎಷ್ಟು ಆಳು ಎಂಬ ಪಟ್ಟಿಯೇ. ಆದರೆ ಅದು ಉತ್ತರ ವಲಯಕ್ಕೆಂದು ಮಾಡಿದ್ದು. ನನಗೆ ಅದಕ್ಕಿಂತ ಹೆಚ್ಚು ನಂಬಿಕೆ ಕೆಲಸ ನಡೆಯುವ ಮನೆಯ ಮೊದಲ ಕೋಣೆಯ ಮೇಲೆ. ಸಾರುವೆ ಕಟ್ಟಿದಲ್ಲಿಂದ ಅಂಚು ತೆಗೆಯುವವರೆಗಿನ ಎಲ್ಲ ದಿನಗೂಲಿಯಿಂದ ಚದರಡಿಯನ್ನು ಭಾಗಿಸಿದರೆ ಬರುವ ಅಂಕಿಯಲ್ಲಿ ಆ ಮರಳು, ಆ ಗೋಡೆ, ಆ ಕೈ ಎಲ್ಲವೂ ಸೇರಿರುತ್ತವೆ. ನೀರುಣಿಸುವ ಏಳು ದಿನವನ್ನು ಇದಕ್ಕೆ ಕೂಡಿಸಬೇಕಿಲ್ಲ. ಈ ಕೋಣೆ ನೀರು ಕುಡಿಯುವಾಗ ತಂಡ ಪಕ್ಕದ ಕೋಣೆಯಲ್ಲಿರುತ್ತದೆ. ಕೊನೆಯ ಕೋಣೆಯ ಏಳು ದಿನ ಮಾತ್ರ ನಿಜವಾದ ಕಾಯುವಿಕೆ.

ಬಯಲು ಜಾಗಕ್ಕೂ ಮೂಲೆ ಅಂಚುಗಳಿಗೂ ಇರುವ ವ್ಯತ್ಯಾಸ ಟೈಲ್ಸ್‌ನಲ್ಲಿ ಇನ್ನೂ ಕಣ್ಣಿಗೆ ರಾಚುತ್ತದೆ. ಅದೇ ಕೋಣೆಯ ನೆಲಕ್ಕೆ ಎರಡಡಿ ಚೌಕದ ಟೈಲ್ ಹಾಕಲು ಒಂದು ಜೋಡಿಗೆ ಒಂದು ದಿನ, ಒಂದೂವರೆ ದಿನ ಸಾಕು. 5 ಅಡಿಗೆ 8 ಅಡಿಯ ಬಚ್ಚಲುಮನೆಯ ನೆಲ ಅದರ ಮೂರನೇ ಒಂದು ಭಾಗ. ಆದರೆ ಏಳಡಿ ಎತ್ತರದವರೆಗೆ ಗೋಡೆಗೂ ಟೈಲ್ ಬೇಕು, ಬಾಗಿಲು ಕಳೆದು ಸುಮಾರು 165 ಚದರಡಿ. ನಲ್ಲಿಯ ಪೈಪಿಗೆ ತೂತು, ಮೂಲೆಗೆ ಕತ್ತರಿಸಿದ ಚೂರು, ವಿನ್ಯಾಸದ ಪಟ್ಟಿ ಎಂದು ದಿನಕ್ಕೆ 50-60 ಚದರಡಿ ದಾಟುವುದು ಕಷ್ಟ. ಗೋಡೆಗೇ ಮೂರು ದಿನ. ನೀರು ಜಾಲರಿಯ ಕಡೆಗೆ ಹರಿಯುವಂತೆ ಇಳಿಜಾರು ಕೊಡುವ ನೆಲಕ್ಕೆ ಮತ್ತೊಂದು ದಿನ. ಅದಕ್ಕೂ ಮೊದಲು ವಾಟರ್‌ಪ್ರೂಫಿಂಗ್ ಮಾಡಿ, ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ಒದ್ದೆಯಾಗುತ್ತದೆಯೇ ಎಂದು ನೋಡಬೇಕು. ಆ ದಿನಗಳಲ್ಲಿ ಟೈಲ್ಸ್ ತಂಡವನ್ನು ಬೇರೆ ಕೋಣೆಗೆ ಕಳಿಸದಿದ್ದರೆ ಅವರು ಬೇರೆ ಮನೆಗೆ ಹೋಗುತ್ತಾರೆ, ಮತ್ತೆ ಬರುವುದು ಅವರಿಗೆ ಬಿಡುವಾದಾಗ.